5 ವಾರದಲ್ಲಿ 4.8 ಕೆಜಿ ಇಳಿಯಿತು, ಆಮೇಲೆ 3 ವಾರದಿಂದ ತೂಕ ಅಲ್ಲಾಡುತ್ತಿಲ್ಲ

ಹಸಿರುಕೊಡೆ
ನನಗೆ 38 ವರ್ಷ, ಎತ್ತರ 166 ಸೆಂ.ಮೀ. ಶುರುವಿನಲ್ಲಿ 82 ಕೆಜಿ ಇದ್ದೆ. ದಿನಕ್ಕೆ 1600 ಕ್ಯಾಲರಿ ಅಂತ ಲೆಕ್ಕ ಬರೆದಿಟ್ಟುಕೊಂಡೇ ತಿನ್ನುತ್ತಿದ್ದೇನೆ. ಐದು ವಾರದಲ್ಲಿ 77.2ಕ್ಕೆ ಬಂತು. ಅಲ್ಲಿಂದ ಮೂರು ವಾರ ಕಳೆಯಿತು, 77.0, 77.6, 77.3 ಅಂತ ಅಲ್ಲೇ ಸುತ್ತುತ್ತಿದೆ. ಊಟದಲ್ಲಿ ಏನೂ ಬದಲಾಗಿಲ್ಲ. ಎರಡು ವಾರದ ಹಿಂದೆ ಜಿಮ್‌ಗೂ ಸೇರಿದೆ. ಮೆಟಬಾಲಿಸಂ ಕುಸಿದುಬಿಡುತ್ತೆ ಅಂತ ಎಲ್ಲೋ ಓದಿ ಭಯ ಆಗಿದೆ. ಇನ್ನು 1200ಕ್ಕೆ ಇಳಿಸಲಾ?

ಸಂಜೆಓಟ
ಇಳಿಸಬೇಡಿ. ನಿಮ್ಮ ದೇಹ ಉಳಿತಾಯಕ್ಕೆ ಇಳಿದಿದೆ. ಕಡಿಮೆ ತಿಂದಷ್ಟೂ ಅದು ಕಡಿಮೆ ಸುಡುತ್ತೆ. ಒಂದು ತಿಂಗಳು 2000 ತಿನ್ನಿ, ಮೆಟಬಾಲಿಸಂ ಮತ್ತೆ ಚುರುಕಾಗುತ್ತೆ, ತೂಕ ತಾನಾಗಿ ಇಳಿಯುತ್ತೆ.

ಗುಬ್ಬಿಗೂಡು
ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ. ನನಗೂ ತೂಕ ಹೀಗೇ ನಿಂತಿತ್ತು. ಯಾವಾಗಲೂ ಚಳಿ, ಸುಸ್ತು, ಕೂದಲು ಉದುರುವುದು. ನೋಡಿದರೆ ಟಿಎಸ್‌ಎಚ್ ಜಾಸ್ತಿ ಇತ್ತು, ಅಂದರೆ ಥೈರಾಯ್ಡ್ ಮಂದವಾಗಿತ್ತು. ಮಾತ್ರೆ ಶುರುವಾದ ಮೇಲೆ ಸರಿಹೋಯಿತು.

ನಿಧಾನಗತಿ
ಹಸಿರುಕೊಡೆ ಅವರೇ, ಡಯಟೀಷಿಯನ್ ಆಗಿರುವ ನನ್ನನ್ನು ಈ ಪ್ರಶ್ನೆ ವಾರಕ್ಕೆ ನಾಲ್ಕು ಸಲ ಕೇಳುತ್ತಾರೆ. ಉತ್ತರಕ್ಕೆ ಮುಂಚೆ ಮೂರು ವಿಷಯ ಹೇಳಿ. ಫೋನಿನಲ್ಲಿ ಹೆಜ್ಜೆಗಳ ಲೆಕ್ಕ ಶುರುವಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ? ಅಡುಗೆ ಎಣ್ಣೆ ಅಳೆಯುವುದು ಹೇಗೆ? ಮುಟ್ಟು ಯಾವಾಗ?

ಹಸಿರುಕೊಡೆ
ಶುರುವಿನಲ್ಲಿ ದಿನಕ್ಕೆ 9000 ಹೆಜ್ಜೆ ಇತ್ತು, ಈಗ ಸುಮಾರು 6000. ಗಮನಿಸಿಯೇ ಇರಲಿಲ್ಲ! ಜಿಮ್ ಇರುವ ದಿನ ಮನೆಗೆ ಬಂದು ಕೂತುಬಿಡುತ್ತೇನೆ. ಎಣ್ಣೆ ಬಾಟಲಿಯಿಂದ ನೇರ ಬಾಣಲೆಗೆ, ಒಂದು ಚಿಕ್ಕ ಚಮಚ ಅಂತ ಬರೆಯುತ್ತೇನೆ. ಮುಟ್ಟಿಗೆ ಇನ್ನು ನಾಲ್ಕು ದಿನ ಇದೆ. ಚಳಿ, ಸುಸ್ತು ಏನೂ ಇಲ್ಲ.

ನಿಧಾನಗತಿ
ಮೊದಲ ಐದು ವಾರವನ್ನೇ ಮೊದಲು ನೋಡೋಣ. ಗೊಂದಲ ಹುಟ್ಟಿದ್ದು ಅಲ್ಲೇ.

ನಿಮ್ಮ ವಯಸ್ಸು, ಎತ್ತರ, ತೂಕಕ್ಕೆ ಆಗ ದಿನದ ಖರ್ಚು ಸುಮಾರು 2100 ಕ್ಯಾಲರಿ. 1600 ತಿಂದರೆ ಕೊರತೆ 500. ಐದು ವಾರಕ್ಕೆ 17,500. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಹಿಡಿದರೆ ಕರಗಿದ ಕೊಬ್ಬು 2.3 ಕೆಜಿಯ ಹತ್ತಿರ. ಉಳಿದ ಎರಡೂವರೆ ಕೆಜಿಯಲ್ಲಿ ಹೆಚ್ಚಿನದು ನೀರು, ಮತ್ತೆ ಹೊಟ್ಟೆಯೊಳಗಿನ ಆಹಾರದ ತೂಕ. ಊಟ ಕಡಿಮೆಯಾದಾಗ ಸ್ನಾಯು, ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್ ಇಳಿಯುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಇದು ಒಂದೇ ಸಲ ಸಿಗುವ ಇಳಿಕೆ. ನಿಮ್ಮ ನಿಜವಾದ ವೇಗ ವಾರಕ್ಕೆ ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆಯೇ ಇತ್ತು.

ಈಗ ಆ 500ರ ಕೊರತೆಗೆ ಏನಾಯಿತು ನೋಡಿ. ದೇಹ ಐದು ಕೆಜಿ ಹಗುರವಾಗಿದೆ, ಅದಕ್ಕೇ ದಿನಕ್ಕೆ ಸುಮಾರು 70 ಕ್ಯಾಲರಿ ಕಡಿಮೆ ಸಾಕು. ಮೂರು ಸಾವಿರ ಹೆಜ್ಜೆ ಕಡಿಮೆಯಾಗಿದ್ದಕ್ಕೆ ಇನ್ನೊಂದು 80, 100. ಇವೆರಡನ್ನೂ ಕಳೆದ ಮೇಲೂ ಖರ್ಚು ಲೆಕ್ಕಕ್ಕಿಂತ ಇನ್ನೂ ಸ್ವಲ್ಪ ಕೆಳಗೆ ಹೋಗಿರುತ್ತದೆ. ಮೆಟಬಾಲಿಕ್ ಅಡಾಪ್ಟೇಶನ್ ಅನ್ನುವುದು ಆ ಹೆಚ್ಚುವರಿ ಇಳಿಕೆಗೆ. ಕೊಬ್ಬಿನಿಂದ ಬರುವ ಲೆಪ್ಟಿನ್ ಅನ್ನುವ ಹಾರ್ಮೋನ್ ಇಳಿದಾಗ ಮೆದುಳು ಖರ್ಚಿನ ಕೈ ಬಿಗಿ ಹಿಡಿಯುತ್ತದೆ, ಹಸಿವನ್ನು ಏರಿಸುತ್ತದೆ. ಅದು ಒಬ್ಬೊಬ್ಬರಲ್ಲಿ ಒಂದೊಂದು ಥರ. ನಿಮ್ಮಷ್ಟು ಇಳಿದವರಿಗೆ 50ರಿಂದ 100 ಅಂತ ಹಿಡಿಯುತ್ತೇನೆ. ಎಲ್ಲ ಸೇರಿ ಕೊರತೆ 250ರ ಸುತ್ತ ಉಳಿದಿದೆ. ಕಡಿಮೆಯಾಗಿದೆ ನಿಜ, ಸೊನ್ನೆ ಆಗಿಲ್ಲ.

ಹಾಗಿದ್ದರೆ ಮೂರು ವಾರಕ್ಕೆ 700 ಗ್ರಾಂ ಇಳಿಯಬೇಕಿತ್ತು ಅಲ್ವಾ? ಇಳಿದಿರಬಹುದು. ಹೊಸದಾಗಿ ಭಾರ ಎತ್ತಿದಾಗ ನೊಂದ ಸ್ನಾಯು ನೀರು ಹಿಡಿಯುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲೂ ತುಂಬ ಜನರ ಮೈಯಲ್ಲಿ ನೀರು ನಿಲ್ಲುತ್ತದೆ. ಎರಡೂ ಸೇರಿದರೆ ಒಂದು ಕೆಜಿ ಸುಲಭವಾಗಿ ಮುಚ್ಚಿಹೋಗುತ್ತದೆ.

ಇನ್ನು ಎಣ್ಣೆ. ಅಡುಗೆಮನೆಯ ತಕ್ಕಡಿ ಮೇಲೆ ಬಾಟಲಿ ಇಟ್ಟು ತೂಕ ಸೊನ್ನೆ ಮಾಡಿ. ಎಂದಿನಂತೆ ಸುರಿಯಿರಿ. ಬಾಟಲಿ ಮತ್ತೆ ಇಟ್ಟಾಗ ಕಾಣುವ ಮೈನಸ್ ಅಂಕಿಯೇ ನೀವು ಹಾಕಿದ ಎಣ್ಣೆ. ಗ್ರಾಂಗೆ ಒಂಬತ್ತು ಕ್ಯಾಲರಿ. 250ರ ಕೊರತೆಯನ್ನು ಅಳೆಯದ ಎಣ್ಣೆ ಒಂದೇ ನುಂಗಿಹಾಕಬಲ್ಲದು.

1200 ಈಗ ಬೇಡ. ಅಷ್ಟು ಬಿಗಿ ಮಾಡಿದರೆ ಹೆಜ್ಜೆ ಇನ್ನೂ ಇಳಿಯುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ.

ಸಂಜೆಓಟ
ಹಾಗಾದರೆ ನಾನು ಹೇಳಿದ್ದೇ ಸರಿ ಆಯ್ತಲ್ಲ? ಅಮೆರಿಕದ ಟಿವಿ ಸ್ಪರ್ಧೆಯಲ್ಲಿ ತೂಕ ಇಳಿಸಿದವರ ಮೇಲೆ 2016ರಲ್ಲಿ ಅಧ್ಯಯನ ಬಂತು. ಆರು ವರ್ಷದ ಮೇಲೂ ದಿನಕ್ಕೆ 500 ಕ್ಯಾಲರಿ ಕಡಿಮೆ ಸುಡುತ್ತಿದ್ದರು.

ನಿಧಾನಗತಿ
ಕೆವಿನ್ ಹಾಲ್ ತಂಡದ ಅಧ್ಯಯನ, ಗೊತ್ತು. ಅದರಲ್ಲಿದ್ದವರು 14 ಜನ, ಕೆಲವೇ ತಿಂಗಳಲ್ಲಿ ಒಬ್ಬೊಬ್ಬರು ಸರಾಸರಿ 50 ಕೆಜಿಗಿಂತ ಹೆಚ್ಚು ಇಳಿಸಿದವರು. ಐದು ಕೆಜಿ ಇಳಿಸಿದವರಿಗೆ ಆ ಅಂಕಿ ಹೊಂದುವುದಿಲ್ಲ. ಖರ್ಚು ಇಳಿಯುತ್ತೆ ಅಂದಿರಲ್ಲ, ಅಷ್ಟು ಸರಿ. ಆದರೆ ಖರ್ಚು 1850 ಇರುವಾಗ 2000 ತಿಂದರೆ ತೂಕ ಏರುತ್ತದೆ. ಖರ್ಚು ಸ್ವಲ್ಪ ಮೇಲೆ ಬರಬಹುದು, ತಿಂದಿದ್ದನ್ನು ಮೀರಿ ಬರುವುದಿಲ್ಲ.

ಸಂಜೆಓಟ
ಎರಡು ವಾರ ಡಯಟ್, ಎರಡು ವಾರ ಬಿಡುವು ಮಾಡಿದವರು ಜಾಸ್ತಿ ಇಳಿಸಿದ್ದರು ಅಂತಲೂ ಓದಿದ್ದೇನೆ. ಅದಕ್ಕೇನಂತೀರಿ?

ನಿಧಾನಗತಿ
ಹೌದು, ದಪ್ಪ ಇದ್ದ ಗಂಡಸರ ಮೇಲೆ ನಡೆದ ಪ್ರಯೋಗ ಅದು. ಆಮೇಲಿನ ಕೆಲವು ಪ್ರಯೋಗಗಳಲ್ಲಿ ಆ ಲಾಭ ಕಾಣಲಿಲ್ಲ. ಆ ಮೊದಲ ಪ್ರಯೋಗದಲ್ಲೂ ಬಿಡುವಿನಲ್ಲಿ ತಿಂದಿದ್ದು ದಿನದ ಖರ್ಚಿಗೆ ಸರಿಸಮ, ಮೇಲಲ್ಲ. ಹಸಿವು ತಡೆಯಲಾರದಷ್ಟಾದವರಿಗೆ ನಾನೂ ಹೇಳುತ್ತೇನೆ, ಆದರೆ ಮೆಟಬಾಲಿಸಂ ರಿಪೇರಿ ಅಂತ ಹೇಳುವುದಿಲ್ಲ.

ಗುಬ್ಬಿಗೂಡು
ಥೈರಾಯ್ಡ್ ಬಗ್ಗೆ ಯಾರೂ ಮಾತೇ ಆಡಲಿಲ್ಲ.

ನಿಧಾನಗತಿ
ಕ್ಷಮಿಸಿ, ಬಿಟ್ಟುಹೋಯಿತು. ನಿಮಗಿದ್ದಂಥ ಲಕ್ಷಣ ಇದ್ದರೆ ಖಂಡಿತ ಮಾಡಿಸಬೇಕು. ಇವರಿಗೆ ಅವು ಇಲ್ಲ, ಹಾಗಾಗಿ ಮೊದಲು ಎಣ್ಣೆ, ಹೆಜ್ಜೆ.

ಹಸಿರುಕೊಡೆ ಅವರೇ, ಬೆಳಿಗ್ಗೆ ಶೌಚ ಮುಗಿಸಿ ದಿನಾ ತೂಕ ನೋಡಿ, ವಾರದ ಸರಾಸರಿ ಮಾತ್ರ ಬರೆದಿಡಿ. ಆ ಸರಾಸರಿಯನ್ನು ಕಳೆದ ಮುಟ್ಟಿನ ಅದೇ ವಾರದ ಜೊತೆ ಹೋಲಿಸಿ. ಹೊಕ್ಕಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ನೋಡಿ. ಅಳೆದು ಹಾಕಿದ ಎಣ್ಣೆಯಲ್ಲಿ ನಾಲ್ಕು ವಾರ ಕಳೆದೂ ಎರಡೂ ಇಳಿಯದಿದ್ದರೆ, ಆಗ ಕೊರತೆ ನಿಜವಾಗಿಯೂ ಸೊನ್ನೆ. ಆವಾಗ 150 ಕ್ಯಾಲರಿ ಇಳಿಸಿದರೆ ಸಾಕು.

ಹಸಿರುಕೊಡೆ
ನಾಲ್ಕು ವಾರದ ಮೇಲೆ ಬರೆಯುತ್ತಿದ್ದೇನೆ. ಮೊದಲ ದಿನವೇ ಎಂದಿನ ಕೈಯಲ್ಲಿ ಎಣ್ಣೆ ಸುರಿದು ಬಾಟಲಿ ಇಟ್ಟೆ: ಮೈನಸ್ 17 ಗ್ರಾಂ. ನಾನು ಬರೆಯುತ್ತಿದ್ದದ್ದು 5. ದಿನಕ್ಕೆ ಎರಡು ಸಲ ಅಡುಗೆ. ಅಂದರೆ 200ಕ್ಕೂ ಹೆಚ್ಚು ಕ್ಯಾಲರಿ ಲೆಕ್ಕದ ಹೊರಗೇ ಇತ್ತು. ಒಂದು ಚಿಕ್ಕ ಚಮಚ ಕೊಂಡೆ, ಈಗ ಅದರಲ್ಲೇ. ಹೆಜ್ಜೆ 8500ಕ್ಕೆ ಬಂದಿದೆ. 1600 ಹಾಗೇ ಇದೆ.

ಮುಟ್ಟಾಗಿ ಮೂರನೇ ದಿನಕ್ಕೆ 76.4 ತೋರಿಸಿತು! ಮುಟ್ಟಿಗೆ ಮುಂಚಿನ ವಾರದ ಸರಾಸರಿ ಆ ತಿಂಗಳು 77.3 ಇತ್ತು, ಈ ತಿಂಗಳು 75.8. ಸೊಂಟ 3 ಸೆಂ.ಮೀ. ಕಡಿಮೆ. ಎಣ್ಣೆಯಿಂದ ಎಷ್ಟು, ನಡಿಗೆಯಿಂದ ಎಷ್ಟು, ಜಿಮ್‌ನ ನೀರು ಇಳಿದಿದ್ದು ಎಷ್ಟು ಅಂತ ಬಿಡಿಸಿ ಹೇಳಲು ಆಗುತ್ತಾ?

ನಿಧಾನಗತಿ
ಇಲ್ಲ, ಮೂರೂ ಒಟ್ಟಿಗೆ ಬದಲಾದವು. ಲೆಕ್ಕ ಹಾಗೇ ಇಡಿ. 72ರ ಹತ್ತಿರ ಬಂದಾಗ ಖರ್ಚು ಇನ್ನಷ್ಟು ಇಳಿದಿರುತ್ತದೆ. ಆಗ ತೂಕ ಮತ್ತೆ ನಿಂತರೆ ಇದೇ ಚರ್ಚೆಯಲ್ಲಿ ಬರೆಯಿರಿ, ಹೊಸ ಅಂಕಿ ಹಾಕಿ ನೋಡೋಣ.