ಫೋಟೋದಲ್ಲಿ ಅಳೆದ ಪೈ ಚಾರ್ಟ್ ಕೋನ ಕೂಡಿದ್ರೆ ಸರಿಯಾಗಿ 360, ಆದ್ರೆ ಭಿನ್ನರಾಶಿ ಉತ್ತರಕ್ಕೆ ಹೊಂದ್ತಾನೇ ಇಲ್ಲ

ಸಂಜೆಲೆಕ್ಕ:
ಮಗಳು ವರ್ಕ್‌ಶೀಟ್ ಸ್ಕೂಲಲ್ಲೇ ಬಿಟ್ಟು ಬಂದಿದಾಳೆ, ಅವಳ ಫ್ರೆಂಡ್ ಅಮ್ಮ ಫೋಟೋ ತೆಗೆದು ಕಳ್ಸಿದ್ರು. ಮೊದಲನೇ ಪ್ರಶ್ನೆ ಪೈ ಚಾರ್ಟ್, 24 ಮಕ್ಕಳು ಶಾಲೆಗೆ ಹೇಗೆ ಬರ್ತಾರೆ ಅಂತ, ಕೋನ ಅಳೆದು ಪ್ರತಿ ಭಾಗನೂ ಭಿನ್ನರಾಶಿಲಿ ಬರೀಬೇಕು. ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿ ಸ್ಕ್ರೀನ್ ಮೇಲೇ ಪ್ರೊಟ್ರಾಕ್ಟರ್ ಇಟ್ಟು ಅಳೆದೆ. ಬಸ್ 90, ಸೈಕಲ್ 72, ಇತರೆ 54, ನಡ್ಕೊಂಡು ಬರೋರು 144. ಕೂಡಿದ್ರೆ ಕರೆಕ್ಟಾಗಿ 360. ಭಿನ್ನರಾಶಿ ಮಾಡಿದ್ರೆ 1/4, 1/5, 3/20, 2/5. ನೋಡಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ, ಆದ್ರೆ ಅದೇ ಹಾಳೆ ಹಿಂದೆ ಇರೋ ಉತ್ತರದಲ್ಲಿ 1/4, 5/24, 1/8, 5/12 ಅಂತಿದೆ. ಬಸ್ ಒಂದೇ ಹೊಂದೋದು.

ಎರಡನೇದು ಬಾರ್ ಗ್ರಾಫ್, ಇಷ್ಟದ ಆಟ. ನಾಲ್ಕು ಬಾರು, ಎತ್ತರ 1, 2, 3, 4 ಮನೆ. ಒಟ್ಟು 10, ಹಾಗಾಗಿ 1/10, 1/5, 3/10, 2/5 ಅಂದ್ಕೊಂಡೆ. ಉತ್ತರ 1/6, 2/9, 5/18, 1/3 ಅಂತೆ. ಉತ್ತರ ಪ್ರಿಂಟ್ ಹಾಕ್ದೋರೇ ತಪ್ಪು ಮಾಡಿದಾರಾ?

ರಾಜಿ_ಆರ್:
360 ಬಂದಿದೆ ಅಂದ್ಮೇಲೆ ನಿಮ್ಮ ಅಳತೆ ಸರಿ ಇದೆ ಮೇಡಂ, ಅಳತೆ ತಪ್ಪಿದ್ರೆ ಒಟ್ಟು 355ಓ 364ಓ ಬರೋದು. ಉತ್ತರದ್ದೇ ತಪ್ಪು. ಟೀಚರ್‌ಗೆ ಹೇಳಿ.

ಹಳೇಮೇಷ್ಟ್ರು:
ರಾಜಿಯವರೇ, ನಡುವಿನ ಚುಕ್ಕಿ ಸುತ್ತ ಹೇಗೆ ಗೆರೆ ಎಳೆದ್ರೂ ಕೋನಗಳು ಕೂಡಿ 360ಏ ಆಗೋದು, ಚಿತ್ರ ಅಪ್ಪಚ್ಚಿ ಆಗಿದ್ರೂ ಅಷ್ಟೇ. ಪ್ರೊಟ್ರಾಕ್ಟರ್ ಇಡೋದ್ರಲ್ಲಿ ಕೈ ತಪ್ಪಿದ್ರೆ ಅದು ಗೊತ್ತಾಗುತ್ತೆ ನಿಜ, ಆದ್ರೆ ಚಿತ್ರವೇ ಸೊಟ್ಟ ಇದ್ರೆ 360 ನೋಡಿ ಏನೂ ಗೊತ್ತಾಗಲ್ಲ.

ಮೇಡಂ, ಮೊದಲು ಮಕ್ಕಳ ಲೆಕ್ಕ ನೋಡಿ. 24 ಜನ ಅಂದ್ರೆ ಒಬ್ಬರಿಗೆ 15 ಡಿಗ್ರಿ. ನಿಮ್ಮ ಸೈಕಲ್ 72, ಅದನ್ನ 15ರಿಂದ ಭಾಗಿಸಿದ್ರೆ 4.8 ಮಕ್ಕಳು. ಇತರೆ 54 ಅಂದ್ರೆ 3.6 ಮಕ್ಕಳು. ಮುಕ್ಕಾಲು ಮಗು ಸೈಕಲ್ ಹೊಡೆಯಲ್ಲ. ಇಲ್ಲೇ ಸಿಕ್ಕಿಬೀಳುತ್ತೆ. ಈಗ ಸ್ಕೇಲ್ ತಗೊಂಡು ಸ್ಕ್ರೀನ್ ಮೇಲೆ ಆ ವೃತ್ತದ ಅಗಲ ಎಷ್ಟು, ಎತ್ತರ ಎಷ್ಟು ಅಳೆದು ಹಾಕಿ.

ಸಂಜೆಲೆಕ್ಕ:
ಅಗಲ 10 ಸೆಂಟಿಮೀಟರ್, ಎತ್ತರ 8. ಅಯ್ಯೋ ಇದು ವೃತ್ತನೇ ಅಲ್ವಲ್ಲ, ಮೊಟ್ಟೆ! ಕಣ್ಣಿಗೆ ಗೊತ್ತೇ ಆಗಿರ್ಲಿಲ್ಲ.

ಹಳೇಮೇಷ್ಟ್ರು:
ಹಾಳೆ ಮೇಜಿನ ಮೇಲಿಟ್ಟು, ಕೂತಲ್ಲಿಂದಲೇ ಫೋನ್ ಓರೆಯಾಗಿ ಹಿಡಿದು ತೆಗೆದಿದಾರೆ. ಹಾಗೆ ತೆಗೆದಾಗ ಎತ್ತರ ಮಾತ್ರ ಕುಗ್ಗುತ್ತೆ, ಅಗಲ ಹಾಗೇ ಇರುತ್ತೆ. ಮೇಲಿಂದ ಒತ್ತಿದ ಹಿಟ್ಟಿನ ಉಂಡೆ ಥರ ಅಂದ್ಕೊಳ್ಳಿ, ಮೇಲೆ ಕೆಳಗೆ ಮುಖ ಮಾಡಿರೋ ತುಂಡು ಅಗಲ ಆಗುತ್ತೆ, ಪಕ್ಕಕ್ಕೆ ಮುಖ ಮಾಡಿರೋದು ಕಿರಿದಾಗುತ್ತೆ. ನಿಮ್ಮಲ್ಲಿ ಇತರೆ ಅನ್ನೋ ತುಂಡು ಕೆಳಗಡೆ ಇರ್ಬೇಕು, ಅದಕ್ಕೇ 45 ಇದ್ದದ್ದು 54 ಆಗಿದೆ. ನಡ್ಕೊಂಡು ಬರೋರದ್ದು ಎಡಗಡೆ ಪೂರ್ತಿ ಹರಡಿರುತ್ತೆ, 150 ಇದ್ದದ್ದು 144ಕ್ಕೆ ಇಳಿದಿದೆ. ಬಸ್ ಒಂದೇ ಯಾಕೆ ಉಳಿತು ಅಂದ್ರೆ, ಅದರ ಒಂದು ಗೆರೆ ನೇರ ಮೇಲಕ್ಕೆ, ಇನ್ನೊಂದು ನೇರ ಬಲಕ್ಕೆ. ಎಷ್ಟು ಒತ್ತಿದ್ರೂ ಆ ಎರಡು ಗೆರೆ ದಿಕ್ಕು ಬದಲಾಗಲ್ಲ.

ಪರಿಹಾರ ಸುಲಭ. ಫೋಟೋ ಎಡಿಟ್ ಮಾಡೋದ್ರಲ್ಲಿ ಸೈಜ್ ಬದಲಿಸೋ ಆಪ್ಷನ್ ತೆಗೀರಿ, ಅಗಲ ಎತ್ತರ ಒಟ್ಟಿಗೆ ಬದಲಾಗೋ ಲಾಕ್ ಬಿಡಿಸಿ, ಅಗಲ 100% ಇಟ್ಟು ಎತ್ತರ 125% ಮಾಡಿ. 8 ಇದ್ದದ್ದು 10 ಆಗ್ಬೇಕಲ್ವಾ. ಆಮೇಲೆ ಮತ್ತೆ ಅಳೀರಿ.

ಪಿಕ್ಸೆಲ್_ಪಾಪಣ್ಣ:
ಪರ್ಸೆಂಟ್ ಬೇಕಿದ್ರೆ ಡಿಗ್ರಿನ 3.6ರಿಂದ ಭಾಗಿಸಿ ಸಾಕು. ನನಗೂ ಆಫೀಸ್ ರಿಪೋರ್ಟಲ್ಲಿ ಪೈ ಚಾರ್ಟ್ ಕೂಡಿದ್ರೆ 99% ಬರ್ತಿತ್ತು, ಬಾಸ್ ಹತ್ರ ಬೈಸ್ಕೊಂಡೆ, ಆಮೇಲೆ ನೋಡಿದ್ರೆ ದಶಮಾಂಶ ಬಿಟ್ಟು ಪೂರ್ಣಾಂಕ ಮಾಡಿದ್ದಕ್ಕೆ ಹಾಗಾಗಿತ್ತು.

ರಾಜಿ_ಆರ್:
ಪಾಪಣ್ಣ, ಅವರು ಪರ್ಸೆಂಟ್ ಕೇಳೇ ಇಲ್ಲ 😀 ಮೇಷ್ಟ್ರೇ 360 ವಿಷಯ ಒಪ್ಕೊಂಡೆ. ಹಾಗಿದ್ರೆ ಬಾರ್ ಗ್ರಾಫೂ ಅದೇ ಕಥೆನಾ, ಎತ್ತರ ಕುಗ್ಗಿರೋದ್ರಿಂದ ತಪ್ಪು ಬಂದಿರೋದಾ?

ಹಳೇಮೇಷ್ಟ್ರು:
ಇಲ್ಲ, ಅದು ಬೇರೆ. ಎಲ್ಲಾ ಬಾರೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ರೆ ಒಂದಕ್ಕೊಂದು ಇರೋ ಅನುಪಾತ ಹಾಗೇ ಉಳಿಯುತ್ತೆ, ಅದೂ ಅಲ್ದೆ ಇವರು ಸೆಂಟಿಮೀಟರ್ ಅಳೆದಿಲ್ಲ, ಮನೆ ಎಣಿಸಿದಾರೆ. ಅಲ್ಲಿ ಫೋಟೋದ ತಪ್ಪಿಲ್ಲ. ಮೇಡಂ, ಬಾರ್‌ಗಳು ನಿಂತಿರೋ ತಳದ ಗೆರೆ ಪಕ್ಕ ಯಾವ ನಂಬರ್ ಇದೆ?

ಸಂಜೆಲೆಕ್ಕ:
ನಂಬರ್ ಕಾಣಲ್ಲ, ಫೋಟೋಲಿ ಆ ಮೂಲೆ ಕಟ್ ಆಗಿದೆ. ತಳದ ಮೇಲಿನ ಗೆರೆಗಳಲ್ಲಿ 6, 8, 10, 12 ಅಂತಿದೆ.

ಹಳೇಮೇಷ್ಟ್ರು:
ಹಾಗಾದ್ರೆ ಒಂದು ಮನೆಗೆ 2. 6ರ ಕೆಳಗಿನ ಗೆರೆ ಅಂದ್ರೆ 4, ಸೊನ್ನೆ ಅಲ್ಲ. ಬಾರ್‌ಗಳ ಬೆಲೆ 6, 8, 10, 12, ಒಟ್ಟು 36. 6/36 ಅಂದ್ರೆ 1/6, 8/36 ಅಂದ್ರೆ 2/9, 10/36 ಅಂದ್ರೆ 5/18, 12/36 ಅಂದ್ರೆ 1/3. ಉತ್ತರ ಸರಿನೇ ಇದೆ. ನೀವು ಕಣ್ಣಿಗೆ ಕಂಡ ಎತ್ತರನೇ ತಗೊಂಡ್ರಿ, ಕೆಳಗೆ ಕತ್ತರಿಸಿಟ್ಟ 4 ಪ್ರತಿ ಬಾರಲ್ಲೂ ಇದೆ. ಆಟ ಇಷ್ಟಪಡೋರು ನಾಲ್ಕನೇ ಬಾರಲ್ಲಿ ಮೊದಲನೇದರ ನಾಲ್ಕು ಪಟ್ಟು ಇರೋ ಥರ ಕಾಣುತ್ತೆ, ನಿಜಕ್ಕೂ ಇರೋದು ಎರಡೇ ಪಟ್ಟು. ಪ್ರೈಮರಿ ಮಕ್ಕಳಿಗೆ ಸೊನ್ನೆಯಿಂದ ಶುರು ಆಗದ ಗ್ರಾಫ್ ಕೊಡೋದು ನನಗಂತೂ ಇಷ್ಟ ಇಲ್ಲ, ಕೊಟ್ರೂ ಬುಡದಲ್ಲಿ ಅಂಕುಡೊಂಕು ಗೆರೆ ಹಾಕ್ಬೇಕು.

ಸಂಜೆಲೆಕ್ಕ:
ಆ ಮೂಲೆ ಮತ್ತೆ ಫೋಟೋ ತೆಗೆಸ್ಕೊಂಡೆ. ಹೌದು, 4 ಇದೆ, ಚಿಕ್ಕದೊಂದು ಅಂಕುಡೊಂಕು ಗೆರೆನೂ ಇದೆ. ಪೈ ಚಾರ್ಟೂ 125% ಮಾಡಿ ಅಳೆದೆ. ಬಸ್ 90, ಸೈಕಲ್ 76, ಇತರೆ 45, ನಡ್ಕೊಂಡು 149. ಹತ್ರ ಬಂತು ಆದ್ರೆ ಪೂರ್ತಿ ಇಲ್ಲ.

ಹಳೇಮೇಷ್ಟ್ರು:
ನಡುವಿನ ಚುಕ್ಕಿಯಿಂದ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ದೂರ ಅಳೆದು ನೋಡಿ. ಒಂದೇ ಇಲ್ಲ ಅಂದ್ರೆ ಹಾಳೆಯ ದೂರದ ತುದಿ ಹೆಚ್ಚು ಕುಗ್ಗಿದೆ ಅಂತ, ಅದನ್ನ ಎತ್ತರ ಒಂದನ್ನೇ ಎಳೆದು ಸರಿ ಮಾಡಕ್ಕಾಗಲ್ಲ. ಹಾಳೆಯ ನಾಲ್ಕು ಮೂಲೆ ಗುರುತಿಸಿ ನೆಟ್ಟಗೆ ಮಾಡೋ ಸ್ಕ್ಯಾನ್ ಆಪ್ಷನ್ ಬೇಕಾಗುತ್ತೆ, ಅದಕ್ಕೆ ನಾಲ್ಕೂ ಮೂಲೆ ಫೋಟೋಲಿ ಇರ್ಬೇಕು, ನಿಮ್ಮದ್ರಲ್ಲಿ ಇಲ್ಲ. ಆದ್ರೆ ಒಂದು ಡಿಗ್ರಿಗೆ ಒದ್ದಾಡೋದು ಬೇಡ, 15ರ ಮಗ್ಗಿಲಿ ಹತ್ರ ಇರೋದು ತಗೊಳ್ಳಿ. 76 ಅಂದ್ರೆ 75, ಐದು ಮಕ್ಕಳು, 5/24. 149 ಅಂದ್ರೆ 150, ಹತ್ತು ಮಕ್ಕಳು, 10/24 ಅಂದ್ರೆ 5/12.

ರಾಜಿ_ಆರ್:
ಅಳೆಯೋ ಲೆಕ್ಕದಲ್ಲಿ ಹೀಗೆ ಹತ್ರದ ನಂಬರ್‌ಗೆ ತಳ್ಳೋದು ಮೋಸ ಅಲ್ವಾ? 24 ಅಂತ ಕೊಡದೇ ಇದ್ದಿದ್ರೆ?

ಹಳೇಮೇಷ್ಟ್ರು:
ಕೊಡದೇ ಇದ್ದಿದ್ರೆ ತಳ್ಳಕ್ಕೆ ಆಧಾರ ಇಲ್ಲ, 76/360 ಬರೆದು 19/90 ಅಂತ ಬಿಡ್ಬೇಕಿತ್ತು. ಕೊಟ್ಟಿದಾರೆ, ಬಳಸ್ಕೋಬೇಕು.

ರಾಜಿ_ಆರ್:
ನಾನು ಒಪ್ಪಲ್ಲ, ಮಗು ಅಳೆದಿದ್ದನ್ನೇ ಬರೀಬೇಕು.

ಸಂಜೆಲೆಕ್ಕ:
ಇವತ್ತು ಹಾಳೆ ಕೈಗೆ ಸಿಕ್ತು. ಮಗಳೇ ಹಾಳೆ ಮೇಲೆ ಅಳೆದ್ಲು, ಇತರೆ 46, ನಡ್ಕೊಂಡು 149. ಹಾಳೆಲೇ ವೃತ್ತ ಅಗಲ 6.2, ಎತ್ತರ 6.0 ಇದೆ, ಪ್ರಿಂಟ್ ಹಾಕೋವಾಗ್ಲೇ ಎಳೆದಿದಾರೆ ಅನ್ಸುತ್ತೆ. ಅವಳು 46/360 ಅಂತ ಬರೆದು ಪಕ್ಕದಲ್ಲಿ ಪೆನ್ಸಿಲಲ್ಲಿ 1/8 ಅಂತ ಹಾಕಿದಾಳೆ, ಟೀಚರ್ ಯಾವುದಕ್ಕೆ ರೈಟ್ ಹಾಕ್ತಾರೋ ನೋಡ್ಬೇಕು.