ಮಿಕ್ಸಿಗೆ ಮೂರು ಸ್ಟಾರ್: "ಆವರೇಜ್" ಅಂತ ಬರೆದರೆ ಸಾಕಾ?

ಪಲ್ಲವಿ, ಕಲ್ಯಾಣಪುರ:
ಸದಾನಂದಣ್ಣ, ಆನ್‌ಲೈನ್‌ನಲ್ಲಿ 750 ವ್ಯಾಟ್‌ನ ಮಿಕ್ಸಿ ತಗೊಂಡು ಐದು ವಾರ ಆಯ್ತು. ರಿವ್ಯೂ ಬರೆಯುವುದು ನನಗೆ ಇದೇ ಮೊದಲು. ಮೂರು ಸ್ಟಾರ್ ಕೊಟ್ಟು "ಆವರೇಜ್, ಪರವಾಗಿಲ್ಲ" ಅಂತ ಬರೆದೆ. ಅಕ್ಕ ಓದಿ, "ಇದರಿಂದ ಯಾರಿಗೆ ಏನು ಗೊತ್ತಾಗ್ತದೆ?" ಅಂತ ಕೇಳಿದಳು. ಆದರೆ ಮಿಕ್ಸಿ ನಿಜವಾಗಿ ಆವರೇಜೇ. ಇನ್ನೇನು ಬರೆಯುವುದು?

ಸದಾನಂದ, ಮಿಕ್ಸಿ–ಗ್ರೈಂಡರ್ ರಿಪೇರಿ, ಉಡುಪಿ:
ಪಲ್ಲವಿ, ನಿಮ್ಮ ಅಕ್ಕ ಹೇಳಿದ್ದು ಸರಿ. ನನ್ನ ಅಂಗಡಿಗೆ ಮೊಬೈಲ್ ಹಿಡಿದುಕೊಂಡು ಬಂದು "ಇದನ್ನು ತಗೊಳ್ಳಬಹುದಾ?" ಎಂದು ಕೇಳುವವರು ಜಾಸ್ತಿ. ನಾನು ಮೊದಲು ತೆಗೆದು ಓದುವುದು ಮೂರು ಸ್ಟಾರಿನ ರಿವ್ಯೂಗಳನ್ನೇ. ಐದು ಸ್ಟಾರಿನವರಲ್ಲಿ ತುಂಬಾ ಜನ ಬಾಕ್ಸ್ ಬಿಚ್ಚಿದ ದಿನವೇ ಖುಷಿಯಲ್ಲಿ ಬರೆದಿರುತ್ತಾರೆ. ಒಂದು ಸ್ಟಾರ್ ಕೊಟ್ಟವರಲ್ಲಿ ಕೆಲವರ ಸಿಟ್ಟು ಮಿಕ್ಸಿಯ ಮೇಲಲ್ಲ, ತಡವಾಗಿ ತಂದುಕೊಟ್ಟವರ ಮೇಲೆ. ಮೂರು ಕೊಟ್ಟವರು ಮಾತ್ರ ಬಳಸಿ ನೋಡಿರುತ್ತಾರೆ. ಅವರಿಗೆ ಏನೋ ಹಿಡಿಸಿದೆ, ಏನೋ ಹಿಡಿಸಿಲ್ಲ. ಆ ಎರಡೂ ಯಾವುದು ಎಂದು ನನಗೆ ಗೊತ್ತಾಗಬೇಕು. ಅಲ್ಲಿ "ಆವರೇಜ್" ಎಂದಷ್ಟೇ ಇದ್ದರೆ ನನಗೆ ಏನೂ ಸಿಗುವುದಿಲ್ಲ.

ಮಿಕ್ಸಿಯಲ್ಲಿ ಇದು ಇನ್ನೂ ಮುಖ್ಯ. ಯಾಕೆಂದರೆ ಕೆಳಗೆ ಮೋಟರ್ ಒಂದೇ ಆದರೂ ಮೇಲೆ ಮೂರು ಜಾರ್ ಉಂಟು. ದೊಡ್ಡ ಜಾರ್ ಚೆನ್ನಾಗಿ ಕಡೆದು, ಚಟ್ನಿ ಜಾರ್ ಏನೇನೂ ಕಡೆಯದೆ ಇದ್ದರೆ ಎರಡನ್ನೂ ಸೇರಿಸಿ ಮನಸ್ಸಿನಲ್ಲಿ "ಆವರೇಜ್" ಎಂದು ಬರುತ್ತದೆ. ಆದರೆ ಅದರಲ್ಲಿ ಒಂದು ಜಾರೂ ಆವರೇಜ್ ಅಲ್ಲ. ಹತ್ತು ಜನರ ಮನೆಯವರು ಅದನ್ನು ಧೈರ್ಯವಾಗಿ ಕೊಳ್ಳಬಹುದು. ಒಬ್ಬರೇ ಇರುವವರು ಕೊಂಡರೆ ಕೆಟ್ಟರು.

ನಿಮಗೆ ಯಾವ ಜಾರಿನಲ್ಲಿ, ಏನು ಹಾಕಿದಾಗ, ಎಷ್ಟು ಹಾಕಿದಾಗ ಬೇಜಾರಾಯಿತು? ಅದನ್ನು ಮೊದಲು ಇಲ್ಲಿ ಬರೆಯಿರಿ.

ಹರೀಶ, ಸುರತ್ಕಲ್:
ಸ್ಪೆಸಿಫಿಕ್ ಅಂದರೆ ಸುಲಭ. ಎಷ್ಟು ವ್ಯಾಟ್, ಎಷ್ಟು ಆರ್‌ಪಿಎಂ, ಜಾರ್ ಎಷ್ಟು ಲೀಟರ್, ವಾರಂಟಿ ಎಷ್ಟು ವರ್ಷ. ಇಷ್ಟು ಹಾಕಿದರೆ ರಿವ್ಯೂ ಪಕ್ಕಾ. 750 ವ್ಯಾಟ್ ಇದ್ದರೆ ಮಸಾಲೆ ಕಡೆಯಲೇ ಬೇಕು.

ಸದಾನಂದ:
ಹರೀಶ್, ಯಾವ ಮಾಡೆಲ್ ಎಂದು ತಿಳಿಯಲಿಕ್ಕೆ ಅದು ಬೇಕು, ಒಪ್ಪುತ್ತೇನೆ. ಆದರೆ ಅದೆಲ್ಲ ಬಾಕ್ಸಿನ ಮೇಲೆಯೇ ಉಂಟಲ್ವಾ? ಕಂಪನಿ ಬರೆದದ್ದನ್ನು ನಾವು ಮತ್ತೆ ಬರೆದರೆ ಓದುವವರಿಗೆ ಹೊಸದೇನೂ ಇಲ್ಲ. ಮತ್ತೆ, ವ್ಯಾಟ್ ಅಂದರೆ ಮೋಟರ್ ಎಳೆಯುವ ಕರೆಂಟಿನ ಲೆಕ್ಕ. ನುಣ್ಣಗೆ ಆಗುವುದು ಬ್ಲೇಡಿನ ಆಕಾರ, ಜಾರಿನ ತಳದ ಅಗಲ, ನೀವು ಹಾಕಿದ ನೀರು, ಎಲ್ಲ ಸೇರಿ. ಒಂದೇ ಮೋಟರಿನ ಮೇಲೆ ಎರಡು ಜಾರ್ ಇಟ್ಟು ಎರಡು ತರಹ ಕಡೆದದ್ದನ್ನು ನಾನು ದಿನಾ ನೋಡುತ್ತೇನೆ.

ಪಲ್ಲವಿ:
ಅಣ್ಣ, ನೀವು ಕೇಳಿದ ಮೇಲೆ ಯೋಚನೆ ಮಾಡಿದೆ. ನೀರುದೋಸೆಗೆ ಬೆಳ್ತಿಗೆ ಅಕ್ಕಿ ನೆನೆಸಿ ದೊಡ್ಡ ಜಾರಿಗೆ ಹಾಕಿದರೆ ಬೆಣ್ಣೆ ಹಾಗೆ ಆಗ್ತದೆ. ನನಗೆ ಸಿಟ್ಟು ಬರುವುದು ಚಟ್ನಿ ಜಾರಿನ ಮೇಲೆ. ಮನೆಯಲ್ಲಿ ನಾವು ಇಬ್ಬರೇ. ಒಂದು ಹಿಡಿ ಕಾಯಿತುರಿ, ನಾಲ್ಕು ಬ್ಯಾಡಗಿ ಮೆಣಸು ಹಾಕಿ ತಿರುಗಿಸಿದರೆ ಎಲ್ಲ ಸಿಡಿದು ಜಾರಿನ ಗೋಡೆಗೆ ಅಂಟಿಕೊಳ್ತದೆ. ಮೆಣಸಿನ ಸಿಪ್ಪೆ ಹಾಗೇ ಉಳಿತದೆ. ಇನ್ನೊಂದು, ಉದ್ದು ಕಡೆಯುವಾಗ ಒಮ್ಮೆ ನಡುವಿನಲ್ಲೇ ನಿಂತುಹೋಯ್ತು. ಅಡಿಯಲ್ಲಿದ್ದ ಕೆಂಪು ಬಟನ್ ಒತ್ತಿದ ಮೇಲೆ ಸರಿಯಾಯ್ತು.

ಸದಾನಂದ:
ನೋಡಿ, ನೀವು ಈಗ ಬರೆದ ಐದಾರು ಸಾಲು ಆ "ಆವರೇಜ್"ಗಿಂತ ಎಷ್ಟೋ ಪಾಲು ಒಳ್ಳೆಯ ರಿವ್ಯೂ. ಆದರೂ ಹಾಕುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ತಪ್ಪು ಬ್ಲೇಡಿನದ್ದಾ, ಹಾಕಿದ ಪ್ರಮಾಣದ್ದಾ ಎಂದು ಗೊತ್ತಾಗಬೇಕು.

ಚಟ್ನಿ ಜಾರಿನಲ್ಲಿ ಸಾಮಾನು ಬ್ಲೇಡು ಮುಳುಗುವಷ್ಟು ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬ್ಲೇಡು ಅದನ್ನು ಒಮ್ಮೆ ಹೊಡೆದು ಗೋಡೆಗೆ ಎಸೆಯುತ್ತದೆ. ಮತ್ತೆ ಅದು ಕೆಳಗೆ ಬರುವುದಿಲ್ಲ. ಬ್ಲೇಡು ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಆಗ ಶಬ್ದವೂ ಬದಲಾಗುತ್ತದೆ, ಒಮ್ಮೆಲೇ ತೆಳ್ಳಗೆ ಕಿರುಚಿದ ಹಾಗೆ ಕೇಳುತ್ತದೆ. ಇದು ಸ್ವಲ್ಪ ಮಟ್ಟಿಗೆ ಎಲ್ಲ ಮಿಕ್ಸಿಯಲ್ಲೂ ಉಂಟು. ಕೆಲವು ಜಾರಿನಲ್ಲಿ ಬ್ಲೇಡು ತಳಕ್ಕೆ ಹತ್ತಿರ ಇರುತ್ತದೆ, ಅದಕ್ಕೆ ಕಡಿಮೆ ಸಾಮಾನು ಸಾಕು. ಕೆಲವದರಲ್ಲಿ ಎತ್ತರಕ್ಕೆ ಇರುತ್ತದೆ.

ಹೀಗೆ ಮಾಡಿ. ಮೆಣಸನ್ನು ಕಾಲು ಗಂಟೆ ಬಿಸಿ ನೀರಿನಲ್ಲಿ ನೆನೆಸಿ. ಮೊದಲ ಸಲ ಕಾಲು ಕಪ್ ಕಾಯಿತುರಿ, ನಾಲ್ಕು ಮೆಣಸು, ಎರಡು ಚಮಚ ನೀರು. ಮರುದಿನ ಅರ್ಧ ಕಪ್ ಕಾಯಿ, ಎಂಟು ಮೆಣಸು, ನಾಲ್ಕು ಚಮಚ ನೀರು. ಎರಡು ಸಲವೂ ಒಂದೇ ಹೊತ್ತು ತಿರುಗಿಸಿ. ಅರ್ಧ ನಿಮಿಷ ಆದ ಮೇಲೆ ನಿಲ್ಲಿಸಿ ಚಮಚದಲ್ಲಿ ಗೋಡೆ ಕೆರೆದು ಮತ್ತೆ ಅರ್ಧ ನಿಮಿಷ. ಕೊನೆಗೆ ಮಸಾಲೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ. ಕಾಯಿ ತರಿ ತರಿ ಸಿಗುತ್ತದಾ, ಮೆಣಸಿನ ಸಿಪ್ಪೆ ಸಿಗುತ್ತದಾ ಎಂದು ಬೆರಳಿಗೆ ಸರಿಯಾಗಿ ಗೊತ್ತಾಗುತ್ತದೆ. ಎರಡನೆಯ ಸಲ ನುಣ್ಣಗಾದರೆ ಬ್ಲೇಡಿನಲ್ಲಿ ತೊಂದರೆ ಇಲ್ಲ. ಆಗಲೂ ಸಿಪ್ಪೆ ಉಳಿದರೆ ಬ್ಲೇಡನ್ನೇ ದೂರಬೇಕು.

ಲತಾ, ಕಾರ್ಕಳ:
ನನ್ನದೂ ಹೊಸ ಮಿಕ್ಸಿ. ಮೊದಲ ದಿನ ಸುಟ್ಟ ವಾಸನೆ ಬಂದು ಹೆದರಿಕೆಯಾಗಿ ವಾಪಸ್ ಮಾಡಿದೆ. ನಾನೂ ಮೂರು ಸ್ಟಾರ್ ಕೊಟ್ಟಿದ್ದೆ. ಅದಕ್ಕೆ ದುಡ್ಡು ಪೂರ್ತಿ ವಾಪಸ್ ಸಿಗ್ತದಾ ಅಣ್ಣ?

ಸದಾನಂದ:
ಲತಕ್ಕ, ದುಡ್ಡಿನ ವಿಷಯ ಮಾರಿದವರ ಹತ್ತಿರ ಕೇಳಬೇಕು. ಸ್ಟಾರಿಗೂ ಅದಕ್ಕೂ ಸಂಬಂಧ ಇಲ್ಲ. ವಾಸನೆಯ ಬಗ್ಗೆ ಹೇಳುತ್ತೇನೆ. ಹೊಸ ಮೋಟರಿನ ಸುರುಳಿಗೆ ಹಚ್ಚಿದ ವಾರ್ನಿಶ್ ಮೊದಲ ಕೆಲವು ಸಲ ಬಿಸಿಯಾದಾಗ ವಾಸನೆ ಬರುತ್ತದೆ, ಆಮೇಲೆ ಹೋಗುತ್ತದೆ. ಹೊಗೆ ಬಂದರೆ, ಇಲ್ಲವೇ ವಾರ ಕಳೆದರೂ ವಾಸನೆ ಹೋಗದಿದ್ದರೆ ಅದು ಬೇರೆ ಸಂಗತಿ. ರಿವ್ಯೂನಲ್ಲಿ "ವಾಸನೆ ಬರ್ತದೆ" ಎಂದಷ್ಟೇ ಹಾಕಬೇಡಿ. ಎಷ್ಟನೆಯ ದಿನ, ಹೊಗೆ ಇತ್ತಾ ಇಲ್ವಾ ಎಂದು ಹಾಕಿ.

ಪಲ್ಲವಿ (ಮೂರು ದಿನದ ನಂತರ):
ಎರಡೂ ಮಾಡಿದೆ ಅಣ್ಣ. ಕಾಲು ಕಪ್ಪಿನಲ್ಲಿ ಸಿಪ್ಪೆ ಉಳಿಯಿತು, ಗೋಡೆ ಎರಡು ಸಲ ಕೆರೆಯಬೇಕಾಯ್ತು. ಅರ್ಧ ಕಪ್ಪಿನಲ್ಲಿ ಚೆನ್ನಾಗಿ ನುಣ್ಣಗೆ ಬಂತು, ಕೊದ್ದೆಲ್‌ಗೆ ಸರಿಯಾಯ್ತು. ಹಾಗಾದರೆ ತಪ್ಪು ನನ್ನದೇ ಅಲ್ವಾ? ನಾಲ್ಕು ಸ್ಟಾರ್ ಮಾಡಲಾ?

ಸದಾನಂದ:
ನಿಮ್ಮ ತಪ್ಪು ಅಲ್ಲ. ಇಬ್ಬರ ಮನೆಯಲ್ಲಿ ಬೇಕಾಗುವುದೇ ಕಾಲು ಕಪ್. ಅಷ್ಟು ಸಣ್ಣ ಪ್ರಮಾಣಕ್ಕೆ ಎಂದೇ ಚಟ್ನಿ ಜಾರ್ ಕೊಡುವುದು. ಆದರೆ ಈಗ ನಿಮ್ಮ ದೂರಿಗೆ ಒಂದು ಗಡಿ ಸಿಕ್ಕಿತು. "ಚಟ್ನಿ ಜಾರ್ ವೇಸ್ಟ್" ಎಂದು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ನಾನಾದರೆ ಹೀಗೆ ಬರೆಯುತ್ತಿದ್ದೆ:

"ಐದು ವಾರದಿಂದ ದಿನಾ ಬಳಸುತ್ತಿದ್ದೇನೆ, ಮನೆಯಲ್ಲಿ ಇಬ್ಬರು. ದೊಡ್ಡ ಜಾರಿನಲ್ಲಿ ನೀರುದೋಸೆಗೆ ನೆನೆಸಿದ ಅಕ್ಕಿ ತುಂಬಾ ನುಣ್ಣಗೆ ಆಗುತ್ತದೆ. ಚಟ್ನಿ ಜಾರಿಗೆ ಕನಿಷ್ಠ ಅರ್ಧ ಕಪ್ ಕಾಯಿತುರಿ ಬೇಕು, ಆಗ ಮೆಣಸೂ ಚೆನ್ನಾಗಿ ಅರೆಯುತ್ತದೆ. ಕಾಲು ಕಪ್ ಹಾಕಿದರೆ ಗೋಡೆಗೆ ಸಿಡಿಯುತ್ತದೆ, ನೆನೆಸಿದ ಮೆಣಸಿನ ಸಿಪ್ಪೆಯೂ ಉಳಿಯುತ್ತದೆ. ಒಂದು ಸಲಕ್ಕೆ ಸ್ವಲ್ಪವೇ ಕಡೆಯುವವರು ಇದನ್ನು ನೋಡಿಕೊಂಡು ತಗೊಳ್ಳಿ. ಬಾಳಿಕೆ ಬಗ್ಗೆ ಈಗಲೇ ಹೇಳಲು ಆಗುವುದಿಲ್ಲ."

ಕೊನೆಯ ಸಾಲು ಬಿಡಬೇಡಿ. ಮೋಟರಿಗೂ ಜಾರಿಗೂ ಕೊಂಡಿಯಾದ ಕಪ್ಲರ್ ಸವೆಯುವುದು, ಬ್ಲೇಡಿನ ಕಡ್ಡಿಯನ್ನು ಹಿಡಿದಿಡುವ ಜಾರಿನ ಬುಷ್ ಸಡಿಲವಾಗಿ ಅಡಿಯಲ್ಲಿ ಕಪ್ಪು ನೀರು ಒಸರುವುದು, ಕಾರ್ಬನ್ ಬ್ರಷ್ ಮುಗಿಯುವುದು, ಇದೆಲ್ಲ ಸಾಮಾನ್ಯವಾಗಿ ಐದು ವಾರದಲ್ಲಿ ಕಾಣಿಸುವುದಿಲ್ಲ. ನೀವು ಎಷ್ಟು ದಿನ ಬಳಸಿದ್ದೀರಿ ಎಂದು ಗೊತ್ತಿದ್ದರೆ ಓದುವವರು ಅಷ್ಟಕ್ಕೇ ನಂಬುತ್ತಾರೆ.

ಹರೀಶ:
ಇದು ಓದಿದರೆ ನಮ್ಮ ಮನೆಗೆ ನಾನು ತಗೊಳ್ತೇನೆ. ನಾವು ಏಳು ಜನ, ಕಾಲು ಕಪ್ ಕಾಯಿ ನಮಗೆ ಎಲ್ಲಿಗೂ ಸಾಲದು. ಆದರೆ ಪಲ್ಲವಿಯವರೇ, ನಾಲ್ಕೇ ಕೊಡಿ. ದೊಡ್ಡ ಜಾರ್ ಅಷ್ಟು ಚೆನ್ನಾಗಿದೆ ಅಂದಮೇಲೆ ಮೂರು ಅನ್ಯಾಯ.

ಲತಾ:
ನಾನು ಒಪ್ಪುವುದಿಲ್ಲ. ಅವರಿಗೆ ದಿನಾ ಬೇಕಾಗುವುದು ಚಟ್ನಿ ಜಾರ್. ಅದೇ ಸರಿಯಿಲ್ಲ ಅಂದರೆ ಮೂರೇ ಸರಿ.

ಸದಾನಂದ:
ಸ್ಟಾರ್ ಎಷ್ಟು ಎಂದು ನಾನು ಹೇಳುವುದಿಲ್ಲ. ಅದು ಅವರ ಅಡುಗೆಮನೆಯ ಲೆಕ್ಕ. ಕಾರಣ ಬರೆದಿದ್ದರೆ ಓದುವವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ, ಹರೀಶ್ ಈಗ ಹಾಕಿದ ಹಾಗೆ.

ಪಲ್ಲವಿ, ಉದ್ದಿನದ್ದು ನಾನು ಬೇಕೆಂದೇ ರಿವ್ಯೂನಲ್ಲಿ ಸೇರಿಸಲಿಲ್ಲ. ಕೆಂಪು ಬಟನ್ ಇರುವುದೇ ಮೋಟರ್ ಉಳಿಸಲಿಕ್ಕೆ. ಹಿಟ್ಟು ಗಟ್ಟಿಯಾಗಿ ಬ್ಲೇಡು ತಿರುಗಲು ಕಷ್ಟಪಟ್ಟರೆ ಅದು ಕರೆಂಟ್ ಕಡಿದುಬಿಡುತ್ತದೆ. ಹಾಗೆ ನಿಂತರೆ ಅದು ತನ್ನ ಕೆಲಸ ಮಾಡಿತು ಎಂದೇ ಅರ್ಥ. ಎಷ್ಟು ಉದ್ದು ಹಾಕಿದ್ದಿರಿ, ನೀರು ಎಷ್ಟು?

ಪಲ್ಲವಿ:
ಎರಡು ಕಪ್ ಉದ್ದು ಒಟ್ಟಿಗೆ ಹಾಕಿದ್ದೆ. ವಡೆಗೆ ಅಂತ ನೀರು ತುಂಬಾ ಕಡಿಮೆ.

ಸದಾನಂದ:
ಎರಡು ಕಪ್ ಉದ್ದು ನೆನೆದರೆ ಎರಡರಷ್ಟು ಉಬ್ಬುತ್ತದೆ. ವಡೆಯ ಹಿಟ್ಟು ಅಂದರೆ ಅಂಟು ಬೇರೆ. ಮಿಕ್ಸಿಗೆ ಅದು ತುಂಬಾ ಭಾರ. ಮುಂದಿನ ಸಲ ಮುಕ್ಕಾಲು ಕಪ್ ಮಾತ್ರ ನೆನೆಸಿ ಹಾಕಿ, ತಣ್ಣೀರು ಚಮಚ ಚಮಚವಾಗಿ ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಆಗ ನಿಲ್ಲದಿದ್ದರೆ ಅದನ್ನು ಬರೆಯುವುದೇ ಬೇಡ.

ಪಲ್ಲವಿ (ಭಾನುವಾರ):
ಮುಕ್ಕಾಲು ಕಪ್ ಹಾಕಿದೆ ಅಣ್ಣ, ನೀವು ಹೇಳಿದ ಹಾಗೆ. ಎರಡನೆಯ ನಿಮಿಷದಲ್ಲಿ ಮತ್ತೆ ನಿಂತಿತು. ಹತ್ತು ನಿಮಿಷ ಬಿಟ್ಟು ಬಟನ್ ಒತ್ತಿದ ಮೇಲೆ ಉಳಿದದ್ದು ಆಯ್ತು.

ಸದಾನಂದ:
ಹಾಗಾದರೆ ನನ್ನ ಅಂದಾಜು ತಪ್ಪು. ಅಷ್ಟಕ್ಕೆ ನಿಲ್ಲಬಾರದು. ಆ ಬಟನ್ನಿನ ಸ್ವಿಚ್ಚೇ ಸೂಕ್ಷ್ಮವಾಗಿರಬಹುದು, ಜಾರಿನ ಬುಷ್ ಬಿಗಿಯಾಗಿರಬಹುದು, ನಿಮ್ಮ ಮನೆಯಲ್ಲಿ ವೋಲ್ಟೇಜ್ ಕಡಿಮೆ ಇರಬಹುದು. ಕೈಯಲ್ಲಿ ಹಿಡಿದು ನೋಡದೆ ಹೇಳಲಿಕ್ಕೆ ಆಗುವುದಿಲ್ಲ. ಖಾಲಿ ಜಾರಿನ ಬ್ಲೇಡನ್ನು, ಜಾರ್ ಮಿಕ್ಸಿಯಿಂದ ತೆಗೆದಿಟ್ಟು, ಅಡಿಯ ತುದಿಯಿಂದ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಬಿಗಿ ಇದ್ದರೆ ಜಾರ್ ಬದಲಿಸಿಕೊಳ್ಳಿ. ವಾರಂಟಿ ಇರುವಾಗ ನನ್ನ ಹತ್ತಿರ ತರಬೇಡಿ, ನಾನು ಬಿಚ್ಚಿದರೆ ವಾರಂಟಿ ಹೋಗಬಹುದು. ಕಂಪನಿಯ ಸರ್ವಿಸ್‌ಗೆ ಫೋನ್ ಮಾಡಿ.

ರಿವ್ಯೂನಲ್ಲಿ "ಮೋಟರ್ ವೀಕ್" ಎಂದು ಹಾಕಬೇಡಿ, ಅದು ನಮ್ಮ ಊಹೆ. "ಮುಕ್ಕಾಲು ಕಪ್ ಉದ್ದು ನೆನೆಸಿ ಕಡೆಯುವಾಗ ಎರಡನೆಯ ನಿಮಿಷದಲ್ಲಿ ನಿಂತಿತು, ಹತ್ತು ನಿಮಿಷದ ನಂತರ ಬಟನ್ ಒತ್ತಿದಾಗ ಸರಿಯಾಯಿತು, ಸರ್ವಿಸ್‌ಗೆ ತಿಳಿಸಿದ್ದೇನೆ" ಎಂದು ಸೇರಿಸಿ. ಅವರು ಬಂದು ಏನು ಹೇಳಿದರು ಎಂದು ಇಲ್ಲಿಯೂ ಹಾಕಿ, ನನಗೂ ತಿಳಿಯಬೇಕು.

ಪಲ್ಲವಿ:
ಬ್ಲೇಡ್ ತಿರುಗಿಸಿ ನೋಡಿದೆ. ದೊಡ್ಡ ಜಾರಿನದ್ದು ಸ್ವಲ್ಪ ಬಿಗಿ ಉಂಟು, ಉಳಿದೆರಡು ಸಲೀಸು. ನಾಳೆ ಬೆಳಿಗ್ಗೆ ಫೋನ್ ಮಾಡ್ತೇನೆ. ರಿವ್ಯೂ ಬದಲಿಸಿದೆ, ಸದ್ಯಕ್ಕೆ ಮೂರೇ ಸ್ಟಾರ್.