ಹಿರಿಯರೂ ಇದ್ದಾರೆ, ಮಕ್ಕಳೂ ಇದ್ದಾರೆ: ಸ್ವಾಗತ ಭಾಷಣ ಯಾವ ಭಾಷೆಯಲ್ಲಿ?

ಕೇಳಿದವರು, ಮೆಲ್ಬರ್ನ್:
ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಸ್ವಾಗತ ಭಾಷಣ ಈ ಸಲ ನನ್ನ ಪಾಲಿಗೆ ಬಂದಿದೆ. ಐದು ನಿಮಿಷ ಕೊಟ್ಟಿದ್ದಾರೆ. ಮುಂದಿನ ಸಾಲಲ್ಲಿ ಊರಿಂದ ಬಂದ ಅಪ್ಪ ಅಮ್ಮಂದಿರು, ಹಿಂದೆ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು. ಬರೀ ಕನ್ನಡ ಆದರೆ ಮಕ್ಕಳು ಮೊಬೈಲ್ ತೆಗೆಯುತ್ತಾರೆ, ಇಂಗ್ಲಿಷ್ ಜಾಸ್ತಿ ಆದರೆ ಹಿರಿಯರಿಗೆ ಬೇಜಾರು. ಮಾಡಿ ಗೊತ್ತಿರೋರು ಹೇಳ್ತೀರಾ?

ಸಿಂಗಪುರದಿಂದ:
ಇದಕ್ಕೇನು ಯೋಚನೆ? ಒಂದು ವಾಕ್ಯ ಕನ್ನಡದಲ್ಲಿ, ಅದೇ ವಾಕ್ಯ ಇಂಗ್ಲಿಷ್‌ನಲ್ಲಿ. ಯಾರಿಗೂ ಏನೂ ತಪ್ಪಿಹೋಗಲ್ಲ. ಇಂಗ್ಲಿಷ್ ಭಾಗವನ್ನು ಹೈಸ್ಕೂಲ್ ಹುಡುಗನೊಬ್ಬನ ಕೈಲಿ ಹೇಳಿಸಿ. ಅವನ ಗೆಳೆಯರೆಲ್ಲ ತಲೆ ಎತ್ತಿ ನೋಡ್ತಾರೆ.

ಹ್ಯೂಸ್ಟನ್‌ನಿಂದ:
ಹುಡುಗನ ಕೈಲಿ ಹೇಳಿಸೋದು ಒಳ್ಳೆಯದೇ. ಆದರೆ ಸಾಲಿಗೆ ಸಾಲು ಅನುವಾದ ಬೇಡ. ಐದು ನಿಮಿಷದ ಮಾತು ಹತ್ತಾಗುತ್ತದೆ. ಸಭೆಯಲ್ಲಿ ಎರಡೂ ಭಾಷೆ ಬರುವವರೇ ಜಾಸ್ತಿ ಇರುತ್ತಾರೆ, ಅವರು ಪ್ರತಿ ಮಾತನ್ನೂ ಎರಡೆರಡು ಸಲ ಕೇಳಬೇಕು. ನಗೆಮಾತು ಎರಡನೇ ಸಲಕ್ಕೆ ಹಳಸಿರುತ್ತದೆ.

ನಾನು ನಮ್ಮ ಕೂಟದಲ್ಲಿ ಬಹಳ ಕಾಲ ಕಾರ್ಯದರ್ಶಿಯಾಗಿದ್ದೆ. ನಾವು ಒಂದೊಂದು ಭಾಷೆಗೆ ಒಂದೊಂದು ಕೆಲಸ ಕೊಡುತ್ತೇವೆ. ದೀಪ ಹಚ್ಚಿ, ನಾಡಗೀತೆ ಮುಗಿದು ಎಲ್ಲರೂ ಕೂತ ಮೇಲೆ ಎರಡು ನಿಮಿಷ ಕನ್ನಡ. ಮುಖ್ಯ ಅತಿಥಿ, ಹಿರಿಯರು, ಈ ವರ್ಷ ಹೊಸದಾಗಿ ಬಂದ ಕುಟುಂಬಗಳು. ಹಿರಿಯರಿಗೆ ಅವರ ಕಡೆಗೇ ತಿರುಗಿ ಹೇಳಿ: "ಮಗಳ ಮನೆಗೆ, ಮಗನ ಮನೆಗೆ ಅಂತ ಇಷ್ಟು ದೂರ ಬಂದಿದ್ದೀರಿ. ಹಗಲೆಲ್ಲ ಅವರು ಆಫೀಸು, ನೀವು ಟೀವಿ. ಇವತ್ತು ಬಾಯ್ತುಂಬಾ ಮಾತಾಡೋಕೆ ಜನ ಸಿಕ್ಕಿದ್ದಾರೆ, ಬಿಡಬೇಡಿ." ಇಲ್ಲಿ ನಗು ಬಂದೇ ಬರುತ್ತೆ.

ಆಮೇಲೆ ಒಂದೂವರೆ ನಿಮಿಷ ಇಂಗ್ಲಿಷ್. ಇಲ್ಲಿ ಹೇಳೋದು ಹೊಸ ಮಾತು, ಮಕ್ಕಳಿಗೆ ಅಂತಲೇ ಇಟ್ಟುಕೊಂಡದ್ದು. 1956ರ ನವೆಂಬರ್ 1ಕ್ಕೆ ಮೊದಲು ಧಾರವಾಡ ಬೊಂಬಾಯಿಗೆ ಸೇರಿತ್ತು, ಮಂಗಳೂರು ಮದ್ರಾಸಿಗೆ, ಕಲಬುರಗಿ ಹೈದರಾಬಾದಿಗೆ, ಕೊಡಗು ತನ್ನ ಪಾಡಿಗೆ ತಾನು. ಅವೆಲ್ಲ ಮೈಸೂರಿನ ಜೊತೆ ಒಂದಾದ ದಿನದ ಹಬ್ಬ ಇದು. "ನಿಮ್ಮ ಅಜ್ಜಿಯ ಊರು ಆಗ ಯಾವ ಕಡೆ ಇತ್ತು, ಊಟದ ಹೊತ್ತಿಗೆ ಕೇಳಿಕೊಂಡು ಬನ್ನಿ" ಅಂತ ಇಂಗ್ಲಿಷ್‌ನಲ್ಲೇ ಹೇಳಿ. ನಮ್ಮಲ್ಲಿ ಹೀಗೆ ಹೇಳಿದಾಗ ಊಟದ ಸಾಲಿನಲ್ಲಿ ಒಬ್ಬ ಹುಡುಗ ಅಜ್ಜನಿಗೆ ಇಂಗ್ಲಿಷ್‌ನಲ್ಲಿ ಕೇಳ್ತಿದ್ದ, ಅಜ್ಜ ಹುಬ್ಬಳ್ಳಿ ಕನ್ನಡದಲ್ಲಿ ಉತ್ತರ ಕೊಡ್ತಿದ್ದರು. ಇಬ್ಬರದೂ ನಡೀತು.

ಕೊನೆಗೆ ಮತ್ತೆ ಕನ್ನಡ. "ನಾನು 'ಸಿರಿಗನ್ನಡಂ ಗೆಲ್ಗೆ' ಅಂದರೆ ನೀವು 'ಸಿರಿಗನ್ನಡಂ ಬಾಳ್ಗೆ' ಅನ್ನಬೇಕು" ಅಂತ ಮಕ್ಕಳಿಗೆ ಮೊದಲೇ ಹೇಳಿಕೊಡಿ. ಮೊದಲ ಸಲ ಸದ್ದೇ ಬರಲ್ಲ. ಇನ್ನೊಂದು ಸಲ ಕೂಗಿಸಿ, ಆ ಜೋರಿನಲ್ಲೇ ಮೈಕ್ ಬಿಟ್ಟುಬಿಡಿ.

ದುಬೈನಿಂದ:
ನಮ್ಮಲ್ಲೂ ಎರಡು ಭಾಷೆ ಬೇಕೇ ಬೇಕು. ಮಂಗಳೂರು, ಉಡುಪಿ ಕಡೆಯವರು ತುಂಬಾ ಇದ್ದಾರೆ. ಕನ್ನಡದಲ್ಲಿ ಮಾತಾಡಿ ಕೊನೆಗೆ ತುಳುವಿನಲ್ಲಿ "ಮಾತೆರೆಗ್ಲಾ ಸೊಲ್ಮೆಲು" ಅಂದೆ. ಅದಕ್ಕೇ ಜಾಸ್ತಿ ಚಪ್ಪಾಳೆ!

ಕೇಳಿದವರು:
ಸರ್, ನನ್ನದು ಇಂಗ್ಲಿಷ್ ಪ್ರಶ್ನೆ 😄 ಆದ್ರೂ ನಮ್ಮಲ್ಲೂ ತುಳುವಿನವರು ಇದ್ದಾರೆ, ಬರೆದಿಟ್ಟುಕೊಂಡೆ.

ಲಂಡನ್‌ನಿಂದ, ಕಾಲೇಜು ವಿದ್ಯಾರ್ಥಿನಿ:
ಅಕ್ಕ, ಆ ಹಿಂದಿನ ಸಾಲಲ್ಲಿ ಕೂರುವವಳು ನಾನು. ಇದನ್ನು ನಾನು ಹೇಳ್ತಾ ಇದ್ದೀನಿ, ಅಮ್ಮ ಟೈಪ್ ಮಾಡ್ತಾ ಇದ್ದಾರೆ. ನಮಗೆ ಕನ್ನಡ ಅರ್ಥ ಆಗುತ್ತೆ, ಆದರೆ ಮನೆ ಕನ್ನಡ. "ವೇದಿಕೆಯನ್ನು ಅಲಂಕರಿಸಿರುವ", "ಆದರಪೂರ್ವಕವಾಗಿ" ಅಂತ ಶುರುವಾದರೆ ಅಲ್ಲಿಗೆ ಮುಗೀತು. "ಬನ್ನಿ, ಕೂತ್ಕೊಳ್ಳಿ, ಚೆನ್ನಾಗಿದ್ದೀರಾ" ಅಂದ್ರೆ ನಾವೂ ಕೇಳ್ತೀವಿ. ಇಂಗ್ಲಿಷ್ ಅರ್ಧಕ್ಕರ್ಧ ಕಮ್ಮಿ ಮಾಡಬಹುದು. ಆಮೇಲೆ, ಹದಿನೆಂಟು ದಾಟಿದವರನ್ನು "ಹಾಯ್ ಕಿಡ್ಸ್" ಅನ್ನಬೇಡಿ.

ಹ್ಯೂಸ್ಟನ್‌ನಿಂದ:
ನಿಜ ಕಣಮ್ಮಾ. ಆದರೆ ಮುಖ್ಯ ಅತಿಥಿ ಊರಿಂದ ಬಂದ ಹಿರಿಯ ಸಾಹಿತಿ ಆಗಿದ್ದರೆ ಅವರ ಎರಡು ಸಾಲಿಗಾದರೂ ಸಭೆಯ ಕನ್ನಡ ಬೇಕಾಗುತ್ತೆ. ಇನ್ನೊಂದು ಮಾತು. ಆ ಹುಡುಗನ ಕೈಲಿ ಕನ್ನಡದ ಸಾಲನ್ನೂ ಹೇಳಿಸೋದಾದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಡಬೇಡಿ. ದೀರ್ಘ ಹೋಗುತ್ತೆ, ಳ ಹೋಗುತ್ತೆ. ನಿಮ್ಮ ದನಿಯಲ್ಲಿ ನಿಧಾನಕ್ಕೆ ಹೇಳಿ ವಾಟ್ಸಾಪ್‌ಗೆ ಕಳಿಸಿ, ಅವನು ಕೇಳಿ ಕಲೀತಾನೆ.

ಕೇಳಿದವರು:
ಸರಿ ಸರ್. ಒಂದು ತಲೆನೋವು ಉಳೀತು. ಪ್ರಾಯೋಜಕರ ಹೆಸರೆಲ್ಲ ಸ್ವಾಗತದಲ್ಲೇ ಓದಬೇಕಂತೆ.

ಟೊರೊಂಟೊದಿಂದ:
ಅದನ್ನು ವಂದನಾರ್ಪಣೆಗೆ ತಳ್ಳಿ, ಸ್ಲೈಡ್ ಮಾತ್ರ ಮೊದಲೇ ಹಾಕಿ.

ಹ್ಯೂಸ್ಟನ್‌ನಿಂದ:
ವಂದನಾರ್ಪಣೆ ಹೊತ್ತಿಗೆ ಎಲ್ಲರೂ ಊಟದ ಹಾಲ್‌ನಲ್ಲಿ ಇರ್ತಾರೆ, ಅದು ಅವರಿಗೂ ಗೊತ್ತು. ಅದಕ್ಕೇ ಹಟ ಮಾಡೋದು. ನಮ್ಮಲ್ಲಿ ಈ ಜಗಳ ಇನ್ನೂ ಬಗೆಹರಿದಿಲ್ಲ.